ನಿಮ್ಮ ದಂತ ಚಿಕಿತ್ಸಾಲಯದ ಡಿಜಿಟಲ್ ಪ್ರಚಾರ: ಕೆಲಸದ ವ್ಯಾಪ್ತಿ, ಶುಲ್ಕ ಮತ್ತು ವರದಿಯ ಪ್ರಸ್ತಾವನೆ

ಮಾನ್ಯ ಡಾಕ್ಟರ್ ಮೇಡಂ ಅವರಿಗೆ,

ನಮಸ್ಕಾರ. ಕಳೆದ ವಾರದ ಭೇಟಿಯಲ್ಲಿ ನೀವು ಎರಡು ವಿಷಯ ಹೇಳಿದ್ದಿರಿ. ಎರಡನೇ ಕುರ್ಚಿ ಮಧ್ಯಾಹ್ನದ ಹೊತ್ತು ಖಾಲಿ ಇರುತ್ತದೆ ಎಂಬುದು ಒಂದು. ಹಿಂದೆ ಪ್ರಚಾರಕ್ಕೆ ಕೊಟ್ಟ ಹಣದಲ್ಲಿ ಎಷ್ಟು ಜಾಹೀರಾತಿಗೆ ಹೋಯಿತು, ಎಷ್ಟು ಏಜೆನ್ಸಿಗೆ ಹೋಯಿತು ಎಂಬುದೇ ತಿಳಿಯಲಿಲ್ಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನಾವು ಪ್ರಯತ್ನ ಮಾಡಬಹುದು, ಖಾತ್ರಿ ಕೊಡಲಾಗದು. ಎರಡನೆಯದಕ್ಕೆ ಖಾತ್ರಿಯನ್ನೇ ಕೊಡುತ್ತೇವೆ. ಅದಕ್ಕಾಗಿ ಹಣದ ವಿಷಯವನ್ನೇ ಮೊದಲು ಬರೆದಿದ್ದೇವೆ.

1. ಜಾಹೀರಾತಿನ ಹಣ ಯಾರದು

ಜಾಹೀರಾತಿನ ಹಣ ನಿಮ್ಮದು. ಅದು ನಿಮ್ಮ ಕ್ಲಿನಿಕ್‌ನ ಕಾರ್ಡಿನಿಂದ ನೇರವಾಗಿ ಗೂಗಲ್‌ಗೆ ಹೋಗುತ್ತದೆ, ನಮ್ಮ ಬ್ಯಾಂಕ್ ಖಾತೆಯನ್ನು ಮುಟ್ಟುವುದಿಲ್ಲ. ಬಿಲ್ಲು ನಿಮ್ಮ ಹೆಸರಿನಲ್ಲೇ ಬರುತ್ತದೆ. ಜಾಹೀರಾತು ಖಾತೆಯನ್ನು ನಿಮ್ಮ ಕ್ಲಿನಿಕ್‌ನ ಇಮೇಲ್‌ನಲ್ಲಿ ತೆರೆದು, ನಮಗೆ ನಿರ್ವಹಣೆಯ ಅನುಮತಿ ಮಾತ್ರ ಕೊಡುತ್ತೀರಿ. ನಾಳೆ ನಮ್ಮನ್ನು ಬಿಟ್ಟರೂ ಖಾತೆ, ಅದರ ಹಳೆಯ ಲೆಕ್ಕ, ಯಾವ ಪದ ಹುಡುಕಿದವರಿಂದ ಕರೆ ಬಂತು ಎಂಬ ಅನುಭವ ಎಲ್ಲವೂ ನಿಮ್ಮಲ್ಲೇ ಉಳಿಯುತ್ತದೆ.

ತಿಂಗಳ ಮಿತಿ 30,000 ರೂ. ಗೂಗಲ್ ವಿಧಿಸುವ ತೆರಿಗೆ ಇದರ ಮೇಲೆ ಬರುತ್ತದೆ. ದಿನಕ್ಕೆ 980 ರೂ. ಎಂದು ಹೊಂದಿಸುತ್ತೇವೆ. ಹುಡುಕಾಟ ಹೆಚ್ಚಿರುವ ದಿನ ಗೂಗಲ್ ಆ ಮೊತ್ತದ ಎರಡು ಪಟ್ಟಿನವರೆಗೂ ಖರ್ಚು ಮಾಡಬಹುದು. ಹಾಗಾಗಿ ಒಂದು ದಿನ 1,900 ರೂ. ಕಂಡರೆ ಗಾಬರಿ ಬೇಡ. ಇಡೀ ತಿಂಗಳಿಗೆ ಅದು ದಿನದ ಮೊತ್ತದ 30.4 ಪಟ್ಟು, ಅಂದರೆ 29,792 ರೂ. ದಾಟಿ ಬಿಲ್ಲು ಹಾಕುವುದಿಲ್ಲ. ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಮಿತಿಯನ್ನು ಒಂದು ರೂಪಾಯಿಯೂ ಏರಿಸುವುದಿಲ್ಲ. ನಮ್ಮ ಕೈತಪ್ಪಿನಿಂದ ಮಿತಿ ಮೀರಿದರೆ ಹೆಚ್ಚುವರಿ ಮೊತ್ತವನ್ನು ಮುಂದಿನ ತಿಂಗಳ ನಮ್ಮ ಶುಲ್ಕದಲ್ಲಿ ಕಡಿತ ಮಾಡಿಕೊಳ್ಳಿ.

2. ನಮ್ಮ ಶುಲ್ಕ

ಆರಂಭದ ಕೆಲಸಕ್ಕೆ ಒಂದು ಬಾರಿ 18,000 ರೂ., ಕೆಲಸ ಶುರುವಾಗುವ ಮೊದಲು. ನಂತರ ತಿಂಗಳಿಗೆ 22,000 ರೂ., ಪ್ರತಿ ತಿಂಗಳ 7ನೇ ತಾರೀಖಿನೊಳಗೆ. ಎರಡಕ್ಕೂ ತೆರಿಗೆ ಪ್ರತ್ಯೇಕ.

ಜಾಹೀರಾತು ಖರ್ಚಿನ ಮೇಲೆ ಶೇಕಡಾವಾರು ಶುಲ್ಕ ಪಡೆಯುವ ಪದ್ಧತಿ ಈ ವೃತ್ತಿಯಲ್ಲಿ ಸಾಮಾನ್ಯ. ನಿಮ್ಮಂಥ ಎರಡು ಕುರ್ಚಿಯ ಕ್ಲಿನಿಕ್‌ಗೆ ಅದು ಸರಿಯಲ್ಲ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ನೀವು ಹೆಚ್ಚು ಖರ್ಚು ಮಾಡಿದಷ್ಟೂ ನಮಗೆ ಲಾಭವೆಂದಾದರೆ, "ಈ ತಿಂಗಳು ಕಡಿಮೆ ಮಾಡಿ" ಎಂದು ಹೇಳುವ ಧೈರ್ಯ ನಮಗೆಲ್ಲಿಂದ ಬರಬೇಕು? ಆದ್ದರಿಂದ ನಿಶ್ಚಿತ ಶುಲ್ಕ. ಜಾಹೀರಾತು 30,000ಕ್ಕೆ ಓಡಲಿ, 10,000ಕ್ಕೆ ಇಳಿಯಲಿ, ನಮಗೆ ಬರುವುದು ಅಷ್ಟೇ.

3. ಏನೇನು ಮಾಡುತ್ತೇವೆ

ಮೊದಲ ಮೂರು ವಾರ ಅಡಿಪಾಯದ ಕೆಲಸ. ಗೂಗಲ್ ಮ್ಯಾಪ್‌ನಲ್ಲಿರುವ ನಿಮ್ಮ ಪುಟದ ಸಮಯ, ಫೋನ್, ಸೇವೆಗಳನ್ನು ಸರಿಪಡಿಸುತ್ತೇವೆ. ಈಗ ಅಲ್ಲಿರುವುದು ಹಳೆಯ ಸಮಯ. ನಿಮ್ಮ ವೆಬ್‌ಸೈಟಿಗೆ ಮೂರು ಹೊಸ ಪುಟ ಬರೆಯುತ್ತೇವೆ: ರೂಟ್ ಕೆನಾಲ್, ಹಲ್ಲಿಗೆ ಕ್ಲಿಪ್, ಮಕ್ಕಳ ಹಲ್ಲು. ಪ್ರತಿ ಪುಟದಲ್ಲೂ ಕರೆ ಮತ್ತು ವಾಟ್ಸಾಪ್ ಬಟನ್ ಇರುತ್ತದೆ.

ಆಮೇಲೆ ಪ್ರತಿ ತಿಂಗಳು ಗೂಗಲ್ ಹುಡುಕಾಟದ ಜಾಹೀರಾತುಗಳ ನಿರ್ವಹಣೆ, ಮ್ಯಾಪ್ ಪುಟಕ್ಕೆ ನಾಲ್ಕು ಪೋಸ್ಟ್, ವಿಮರ್ಶೆಗಳಿಗೆ ನಿಮ್ಮ ಪರವಾಗಿ ಕರಡು ಉತ್ತರ. ಜಾಹೀರಾತಿನಲ್ಲಿ ಅರ್ಧ ಕೆಲಸ ಬೇಡದವರನ್ನು ದೂರ ಇಡುವುದೇ. ದಂತವೈದ್ಯ ಕೋರ್ಸ್, ನರ್ಸ್ ಕೆಲಸ, ಉಚಿತ ಶಿಬಿರ ಎಂದು ಹುಡುಕುವವರು ಕ್ಲಿಕ್ ಮಾಡಿದರೂ ಹಣ ನಿಮ್ಮದೇ ಹೋಗುತ್ತದೆ. ಆ ಪದಗಳನ್ನು ವಾರಕ್ಕೊಮ್ಮೆ ನೋಡಿ ತಡೆಯುತ್ತೇವೆ. ಯಾವುದಾದರೂ ಒಂದು ಗುಂಪಿನ ಪದಗಳಿಗೆ 4,000 ರೂ. ಖರ್ಚಾಗಿ ಒಂದೂ ಅಪಾಯಿಂಟ್‌ಮೆಂಟ್ ಬರದಿದ್ದರೆ ಅದನ್ನು ನಿಲ್ಲಿಸಿ ನಿಮಗೆ ತಿಳಿಸುತ್ತೇವೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತು ಮೊದಲ ಮೂರು ತಿಂಗಳು ಬೇಡ. ಹಲ್ಲುನೋವಿನವರು ಹುಡುಕಿಕೊಂಡು ಬರುತ್ತಾರೆ, ಮೊದಲು ಅವರ ಕಣ್ಣಿಗೆ ಬೀಳೋಣ.

ಹೊಸ ವೆಬ್‌ಸೈಟ್, ಫೋಟೋ ಮತ್ತು ವಿಡಿಯೋ ಚಿತ್ರೀಕರಣ, ಕರಪತ್ರ, ಬೋರ್ಡು ಇವು ಈ ಶುಲ್ಕದಲ್ಲಿ ಸೇರಿಲ್ಲ. ಬೇಕಾದರೆ ಮೊದಲು ಬೆಲೆ ಹೇಳಿ, ನೀವು ಒಪ್ಪಿದ ಮೇಲೆ ಮಾಡುತ್ತೇವೆ. ಬರಹಗಳಿಗೆ ಎರಡು ಸುತ್ತಿನ ತಿದ್ದುಪಡಿ ಸೇರಿದೆ.

4. ಮಾಡದಿರುವುದು

ಇದರಲ್ಲಿ ರಾಜಿ ಇಲ್ಲ. "ನೂರಕ್ಕೆ ನೂರು ನೋವಿಲ್ಲ", "ಊರಿಗೇ ಮೊದಲಿಗರು" ಎಂಬಂಥ ಮಾತು ಬರೆಯುವುದಿಲ್ಲ. ಹಣ ಅಥವಾ ರಿಯಾಯಿತಿ ಕೊಟ್ಟು ವಿಮರ್ಶೆ ಬರೆಸುವುದಿಲ್ಲ. ಗೂಗಲ್‌ನ ನಿಯಮವೂ ಅದನ್ನು ಒಪ್ಪುವುದಿಲ್ಲ. ರೋಗಿಯ ಲಿಖಿತ ಒಪ್ಪಿಗೆ ಇಲ್ಲದೆ ಹಲ್ಲಿನ ಫೋಟೋ ಕೂಡ ಹಾಕುವುದಿಲ್ಲ. ಒಮ್ಮೆ ನಿಮ್ಮ ಪುಟ ನೋಡಿದವರನ್ನು ಬೆನ್ನಟ್ಟಿ ಜಾಹೀರಾತು ತೋರಿಸುವ ಪದ್ಧತಿಗೆ ಆರೋಗ್ಯದ ವಿಷಯದಲ್ಲಿ ಗೂಗಲ್ ನಿರ್ಬಂಧ ಹಾಕಿದೆ, ಆದ್ದರಿಂದ ಅದೂ ಇಲ್ಲ. ಚಿಕಿತ್ಸೆಗೆ ಸಂಬಂಧಿಸಿದ ಪ್ರತಿ ಸಾಲನ್ನೂ ಪ್ರಕಟಣೆಗೆ ಮುನ್ನ ನೀವು ಓದಿ ಒಪ್ಪಬೇಕು. ಅದಕ್ಕೆ ನಿಮ್ಮಿಂದ ಮೂರು ಕೆಲಸದ ದಿನ ಕೇಳುತ್ತೇವೆ. ಉತ್ತರ ತಡವಾದರೆ ಪ್ರಕಟಣೆಯೂ ತಡವಾಗುತ್ತದೆ, ಒಪ್ಪಿಗೆ ಸಿಕ್ಕಿತೆಂದು ನಾವೇ ಭಾವಿಸಿಕೊಳ್ಳುವುದಿಲ್ಲ.

5. ವರದಿ

ಪ್ರತಿ ತಿಂಗಳ 5ನೇ ತಾರೀಖು ಎರಡು ಪುಟದ ವರದಿ, ಕನ್ನಡದಲ್ಲಿ. ಅದೇ ವಾರ ಅರ್ಧ ಗಂಟೆಯ ಫೋನ್ ಮಾತುಕತೆ. ಪ್ರತಿ ಸೋಮವಾರ ಹಿಂದಿನ ವಾರದ ಖರ್ಚು ಮತ್ತು ಕರೆಗಳ ಸಂಖ್ಯೆ ವಾಟ್ಸಾಪ್‌ನಲ್ಲಿ.

ಎಷ್ಟು ಜನ ನೋಡಿದರು, ಎಷ್ಟು ಲೈಕ್ ಬಂತು ಎಂಬುದು ವರದಿಯ ಕೊನೆಯ ಸಾಲಿನಲ್ಲಿರುತ್ತದೆ. ಮೊದಲು ಬರುವುದು ಇವು: ಜಾಹೀರಾತಿನ ಖರ್ಚು, 60 ಸೆಕೆಂಡಿಗಿಂತ ಹೆಚ್ಚು ನಡೆದ ಕರೆಗಳು, ವಾಟ್ಸಾಪ್ ವಿಚಾರಣೆ, ನಿಗದಿಯಾದ ಅಪಾಯಿಂಟ್‌ಮೆಂಟ್, ನಿಜವಾಗಿ ಬಂದ ಹೊಸ ರೋಗಿಗಳು. ಉದಾಹರಣೆಗೆ 29,400 ರೂ. ಖರ್ಚಾಗಿ 28 ಹೊಸಬರು ಬಂದರೆ ಒಬ್ಬರಿಗೆ 1,050 ರೂ. ನಮ್ಮ ಶುಲ್ಕವನ್ನೂ ಸೇರಿಸಿದರೆ 1,836 ರೂ. ಎರಡೂ ಸಂಖ್ಯೆಯನ್ನು ತೋರಿಸುತ್ತೇವೆ, ಏಕೆಂದರೆ ನಿಮ್ಮ ಜೇಬಿನಿಂದ ಹೋಗುವುದು ಎರಡನೆಯದು.

ಇಲ್ಲೊಂದು ಕೋರಿಕೆ. ಬಂದವರ ಲೆಕ್ಕ ನಮ್ಮ ಪರದೆಯಲ್ಲಿ ಕಾಣುವುದಿಲ್ಲ, ಅದು ಇರುವುದು ನಿಮ್ಮ ರಿಸೆಪ್ಷನ್ ಪುಸ್ತಕದಲ್ಲಿ. ಹೊಸದಾಗಿ ಬಂದ ಪ್ರತಿಯೊಬ್ಬರನ್ನೂ "ನಮ್ಮ ಬಗ್ಗೆ ಹೇಗೆ ಗೊತ್ತಾಯಿತು?" ಎಂದು ಕೇಳಿ ಗುರುತು ಹಾಕಬೇಕು. ನಮಗೆ ಒಟ್ಟು ಸಂಖ್ಯೆ ಸಾಕು. ರೋಗಿಯ ಹೆಸರು, ಫೋನ್, ಕಾಯಿಲೆ ಯಾವುದನ್ನೂ ಕಳುಹಿಸಬೇಡಿ. ಈ ಒಂದು ಪ್ರಶ್ನೆ ಕೇಳದಿದ್ದರೆ ನಮ್ಮ ವರದಿ ಅರ್ಧ ಊಹೆಯಾಗುತ್ತದೆ.

6. ಅವಧಿ

ಮೊದಲು ಮೂರು ತಿಂಗಳು. ನಂತರ ತಿಂಗಳಿನಿಂದ ತಿಂಗಳಿಗೆ. ನಿಲ್ಲಿಸಬೇಕೆಂದರೆ ಯಾರಾದರೂ 30 ದಿನ ಮುಂಚೆ ಲಿಖಿತವಾಗಿ ತಿಳಿಸಿದರೆ ಸಾಕು. ಶುಲ್ಕ 15 ದಿನಕ್ಕಿಂತ ತಡವಾದರೆ ನಿಮಗೆ ತಿಳಿಸಿ ಜಾಹೀರಾತನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತೇವೆ. ನೋಡಿಕೊಳ್ಳುವವರಿಲ್ಲದೆ ನಿಮ್ಮ ಹಣ ಓಡುತ್ತಿರಬಾರದು.

ಈ ಬೆಲೆಗಳು 15 ದಿನ ಜಾರಿಯಲ್ಲಿರುತ್ತವೆ. ಒಪ್ಪಿಗೆಯಾದರೆ ಈ ಇಮೇಲ್‌ಗೇ "ಒಪ್ಪಿದೆ" ಎಂದು ಉತ್ತರಿಸಿ. ಜೊತೆಗೆ ಮ್ಯಾಪ್ ಪುಟ ಮತ್ತು ವೆಬ್‌ಸೈಟಿಗೆ ನಮಗೆ ಅನುಮತಿ ಕೊಡಿಸಿ. ಪಾಸ್‌ವರ್ಡ್ ಕಳುಹಿಸುವುದು ಬೇಡ. ಕಾರ್ಡಿನ ವಿವರವನ್ನು ನೀವೇ ಕುಳಿತು ತುಂಬಬೇಕು, ಆ ಹೊತ್ತಿಗೆ ನಮ್ಮವರೊಬ್ಬರು ಫೋನಿನಲ್ಲಿ ಜೊತೆಗಿರುತ್ತಾರೆ. ರಿಸೆಪ್ಷನ್‌ನವರ ಜೊತೆ ಅರ್ಧ ಗಂಟೆ ಬೇಕು. ಮಧ್ಯಾಹ್ನ ರೋಗಿಗಳಿಲ್ಲದ ಸಮಯ ಹೇಳಿದರೆ ಅಂದೇ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಏಜೆನ್ಸಿಯ ಪರವಾಗಿ