ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಪುಟದಲ್ಲಿ ನಮ್ಮ ಬ್ಯಾಂಕಿನ ಮಾತಿನ ಧಾಟಿ

ಗ್ರಾಹಕರು ಯಾವಾಗಲೂ ‘ನೀವು’. ಅವರು ಏಕವಚನದಲ್ಲಿ ಬೈದರೂ ನಮ್ಮದು ಬಹುವಚನವೇ. ‘ಗುರು’, ‘ಬಾಸ್’ ಬೇಡ.

ಹಣ ಕಡಿತ, ಕಾರ್ಡ್ ಬ್ಲಾಕ್, ಸರ್ವರ್ ಡೌನ್, ಬಡ್ಡಿ ದರ, ಸಾಲದ ಕಂತು: ಇಲ್ಲಿ ತಮಾಷೆಯೂ ಇಲ್ಲ, ಇಮೋಜಿಯೂ ಇಲ್ಲ. ದರ ಬರೆದರೆ ಅವಧಿ, ಜಾರಿಯ ದಿನಾಂಕ ಪಕ್ಕದಲ್ಲೇ ಇರಲಿ. ‘ಭರ್ಜರಿ ಬಡ್ಡಿ’ ಎಂದರೆ ಹಳೆ ಠೇವಣಿದಾರರು ಕಮೆಂಟಿನಲ್ಲೇ ಜಗಳಕ್ಕೆ ನಿಲ್ಲುತ್ತಾರೆ, ತಪ್ಪು ಅವರದಲ್ಲ.

ವಂಚನೆಯ ದೂರಿಗೆ ಉತ್ತರ ಹೀಗಿರಲಿ:

“ಹಣ ಹೋಗಿರುವುದು ತಿಳಿದು ಬೇಸರವಾಯಿತು. ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಪಾಸ್‌ಬುಕ್ಕಿನಲ್ಲಿರುವ ನಮ್ಮ ಸಹಾಯವಾಣಿಗೂ ತಿಳಿಸಿ. ಖಾತೆ ಸಂಖ್ಯೆ, ಒಟಿಪಿ ಇಲ್ಲಿ ಬರೆಯಬೇಡಿ.”

ಗ್ರಾಹಕರು ಫೋನ್ ನಂಬರ್ ಹಾಕಿದ್ದರೆ ಮೊದಲು ಕಮೆಂಟ್ ಮರೆಮಾಡಿ, ಆಮೇಲೆ ಉತ್ತರಿಸಿ. ನಮ್ಮ ಲೋಗೊ ಕದ್ದ ನಕಲಿ ಪುಟದವರು ಅಂಥ ನಂಬರಿಗೇ ಕಾಯುತ್ತಿರುತ್ತಾರೆ.

ಹಬ್ಬ, ಸಂಬಳದ ದಿನ, ಉಳಿತಾಯ ಇವುಗಳಲ್ಲಿ ಸಲಿಗೆ ಇರಲಿ: “ಸಂಬಳ ಬಂತು, ಯುಗಾದಿ ಬಟ್ಟೆಗೆ ಹೋಯ್ತು. ಆರ್‌ಡಿಗೆ ಐನೂರಾದರೂ ಉಳಿಯಿತಾ?” ಇಮೋಜಿ ಒಂದೇ ಸಾಕು. ಸಾಲಗಾರರನ್ನು ಗೇಲಿ ಮಾಡುವ ಮೀಮ್ ಎಷ್ಟೇ ನಗು ತರಿಸಿದರೂ ಬೇಡ.

ಸರ್ವರ್ ಕೈಕೊಟ್ಟ ದಿನ ಶೆಡ್ಯೂಲ್ ಮಾಡಿದ್ದ ತಮಾಷೆ ಪೋಸ್ಟ್‌ಗಳನ್ನು ಮೊದಲು ನಿಲ್ಲಿಸಿ.