ಬಸವಣ್ಣನ ಗುಡಿ: ಈ ವರ್ಷದ ಪೂಜೆ, ತೇರು, ಕೆಲಸದ ಹಂಚಿಕೆ

ಊರಿನ ಹಿರಿಯರಿಗೆ, ತಾಯಂದಿರಿಗೆ, ಹುಡುಗರಿಗೆ ಜಾತ್ರಾ ಸಮಿತಿಯ ಶರಣು. ಅಮಾವಾಸ್ಯೆ ಸಂಜೆ ಗುಡಿ ಕಟ್ಟೆ ಮೇಲೆ ಕೂತು ಮಾತಾಡಿದ್ದನ್ನು ಇಲ್ಲಿ ಬರೆದಿದ್ದೇವೆ. ಸದ್ಯಕ್ಕೆ ತಿಥಿ ಮಾತ್ರ ಇದೆ. ಯುಗಾದಿಗೆ ಪಂಚಾಂಗ ಓದಿಸಿದ ಮೇಲೆ ತಾರೀಕು ಬೋರ್ಡಿಗೆ ಬರುತ್ತದೆ.

ಯುಗಾದಿ: ಬೆಳಿಗ್ಗೆ ಅಭಿಷೇಕ, ಬೇವು-ಬೆಲ್ಲ. ಸಂಜೆ ಪಂಚಾಂಗ.

ಬಸವ ಜಯಂತಿ, ವೈಶಾಖ ಶುದ್ಧ ತದಿಗೆ: ಎತ್ತುಗಳ ಮೆರವಣಿಗೆ. ಬಿಸಿಲು ಜಾಸ್ತಿ ಇರುತ್ತದೆ, ದನಗಳಿಗೂ ಕಷ್ಟ. 10 ಗಂಟೆಯೊಳಗೆ ಮುಗಿಸೋಣ.

ಶ್ರಾವಣ ಸೋಮವಾರಗಳು: ರುದ್ರಾಭಿಷೇಕ, ಪ್ರಸಾದ. ವಾರಕ್ಕೊಂದು ಓಣಿ. ಮೊದಲು ಮೇಲಿನ ಓಣಿ, ಆಮೇಲೆ ಅಗಸಿ ಓಣಿ, ಕೆರೆ ಓಣಿ, ಹೊಸ ಪ್ಲಾಟಿನವರು. ಐದನೇ ಸೋಮವಾರ ಬಂದರೆ ಸಮಿತಿಯದು.

ಕಾರ್ತಿಕದ ಕಡೇ ಸೋಮವಾರ: ದೀಪ. ಎಣ್ಣೆ, ಬತ್ತಿ ಮನೆಯಿಂದಲೇ ತನ್ನಿ.

ತೇರು, ಭಾರತ ಹುಣ್ಣಿಮೆ: ಒಂದು ತಿಂಗಳು ಮೊದಲೇ, ಬನದ ಹುಣ್ಣಿಮೆ ಮರುದಿನ ತೇರನ್ನು ಹೊರಗೆ ತೆಗೆದು ತೊಳೆಯಬೇಕು. ಬಡಿಗೇರರು ಅಚ್ಚು, ಗಾಲಿ ನೋಡುತ್ತಾರೆ. ಅವರು ಸರಿ ಅನ್ನುವ ತನಕ ಬಣ್ಣಕ್ಕೆ ಕೈ ಹಾಕುವುದು ಬೇಡ. ಮಿಣಿ ಹಳೆಯದಾಗಿದೆ, ಈ ಸಲ ಹೊಸದು ತರುತ್ತೇವೆ. ಹುಣ್ಣಿಮೆಗೆ ಐದು ದಿನ ಮುಂಚೆ ಕಂಕಣ ಕಟ್ಟುತ್ತೇವೆ. ಹಿಂದಿನ ದಿನ ಕಳಸ ಏರುತ್ತದೆ. ಹುಣ್ಣಿಮೆ ಬೆಳಿಗ್ಗೆ ಪಲ್ಲಕ್ಕಿ ಊರು ಸುತ್ತುತ್ತದೆ, ಮಧ್ಯಾಹ್ನ ದಾಸೋಹ. ಸಂಜೆ 5ಕ್ಕೆ ತೇರು ಗುಡಿಯಿಂದ ಪಾದಗಟ್ಟೆಗೆ ಹೋಗಿ, ಕತ್ತಲಾಗುವ ಮೊದಲೇ ವಾಪಸ್ ಬರಬೇಕು. ಮೂರನೇ ದಿನ ಓಕುಳಿ, ಕಂಕಣ ಬಿಚ್ಚುವುದು.

ಹೋದ ವರ್ಷ ಪಾದಗಟ್ಟೆ ತಿರುವಿನಲ್ಲಿ ಒಬ್ಬ ಹುಡುಗ ಉತ್ತತ್ತಿ ಆರಿಸುತ್ತಾ ಗಾಲಿ ಪಕ್ಕಕ್ಕೇ ಬಂದುಬಿಟ್ಟಿದ್ದ. ಯಾರೋ ಅಂಗಿ ಹಿಡಿದು ಎಳೆದರು, ಬಸವಣ್ಣ ಕಾಪಾಡಿದ. ಆ ಗಳಿಗೆ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ. ಅದಕ್ಕೇ ಈ ಸಲ ಗಾಲಿಯ ಎರಡೂ ಬದಿಗೆ ಹಗ್ಗ ಹಿಡಿದು 20 ಜನ ನಡೆಯುತ್ತಾರೆ. ಹಗ್ಗದ ಒಳಗೆ ಬಡಿಗೇರರು ಮತ್ತು ಗಾಲಿಗೆ ಮರದ ತುಂಡು ಕೊಡುವ ನಾಲ್ವರು ಬಿಟ್ಟರೆ ಯಾರೂ ಇಲ್ಲ, ಸಮಿತಿಯವರೂ ಇಲ್ಲ. ಈ ನಾಲ್ವರು ಬೆಳಿಗ್ಗೆಯಿಂದ ಬೇರೆ ಕೆಲಸ ಮಾಡಬಾರದು. ದಣಿದ ಕೈ ಅಲ್ಲಿ ಬೇಡ. ಉತ್ತತ್ತಿ, ಬಾಳೆಹಣ್ಣು ಎಸೆಯುವವರು ಕಳಸದ ಕಡೆಗೆ ಎಸೆಯಿರಿ, ಜನರ ಮೇಲಲ್ಲ. ದಾರಿಯ ಕರೆಂಟ್ ತಂತಿ ಬಂದ್ ಮಾಡಿಸಲು ಹದಿನೈದು ದಿನ ಮೊದಲೇ ಅರ್ಜಿ ಕೊಡುತ್ತೇವೆ.

ಅಡುಗೆ ಕೆರೆ ಓಣಿಯವರದು, ಬಡಿಸುವುದು ಅಗಸಿ ಓಣಿಯ ಹುಡುಗರದು. ನೀರು, ಚಪ್ಪಲಿ, ಗಾಡಿ ನಿಲ್ಲಿಸುವ ಜಾಗ ಮೇಲಿನ ಓಣಿ. ಔಷಧಿ ಪೆಟ್ಟಿಗೆ ಆಶಾ ಅಕ್ಕನವರ ಹತ್ತಿರ, ಶಾಲೆ ಜಗಲಿಯಲ್ಲಿ. ಮೈಕ್ ರಾತ್ರಿ 10ಕ್ಕೆ ಬಂದ್. ಅದು ಕಾನೂನೂ ಹೌದು, ಮಕ್ಕಳಿಗೆ ಪರೀಕ್ಷೆಯೂ ಹತ್ತಿರ ಇರುತ್ತದೆ ಅಲ್ವಾ?

ಜಾತ್ರೆ ಲೆಕ್ಕವನ್ನು ಶಿವರಾತ್ರಿ ದಿನ ಎಲ್ಲರ ಮುಂದೆ ಓದುತ್ತೇವೆ.

ಕೆಲಸಕ್ಕೆ ಬರುವವರು ಗುಡಿಯಲ್ಲಿಟ್ಟ ಪುಸ್ತಕದಲ್ಲಿ ದಸರೆಯೊಳಗೆ ಹೆಸರು ಬರೆಸಿ. ಹಗ್ಗ ಹಿಡಿಯಲು ಹದಿಮೂರು ಜನ ಆಗಿದ್ದಾರೆ. ಪಾತ್ರೆ ತೊಳೆಯಲು ಇನ್ನೂ ಯಾರೂ ಬರೆಸಿಲ್ಲ, ಆರು ಜನ ಬೇಕು.