ಬಿಲ್ ನಂಬರ್ 27: ಕಸೂತಿ ಸೀರೆ ಬಾಕಿಗೆ ಮೂರು ನೆನಪೋಲೆ

ಮೊದಲನೆಯದು: 16 ಫೆಬ್ರವರಿ 2026, ವಾಟ್ಸಾಪ್

ಅಕ್ಕಾರಿಗೆ ನಮಸ್ಕಾರ. ಆರಾಮ ಇದ್ದೀರಲ್ವಾ? ನಿನ್ನೆ ಶಿವರಾತ್ರಿ ಉಪವಾಸ ಮುಗಿಸಿ ಇವತ್ತು ಲೆಕ್ಕದ ಪುಸ್ತಕ ತೆಗೆದೆ.

ಜನವರಿ 13ಕ್ಕೆ ನಿಮ್ಮ ಪುಣೆ ಅಂಗಡಿಗೆ 14 ಕಸೂತಿ ಸೀರೆ ಮುಟ್ಟಿದವು. ತೇರಿನ ಸೀರೆ ಬಹಳ ಚೆಂದ ಬಂದಿದೆ ಅಂತ ನೀವು ಬರೆದದ್ದನ್ನು ನಮ್ಮ ಹೆಣ್ಣುಮಕ್ಕಳಿಗೆಲ್ಲ ಓದಿ ಹೇಳಿದ್ದೆ. ಒಟ್ಟು ಬಿಲ್ 91,000. ಮುಂಗಡ 30,000 ಬಂದಿದೆ. ಉಳಿದ 61,000 ಮೂವತ್ತು ದಿನದೊಳಗೆ ಅಂತ ಮಾತಾಗಿತ್ತು. ಫೆಬ್ರವರಿ 12ಕ್ಕೆ ಆ ವಾಯಿದೆ ಮುಗಿದಿದೆ.

ಮದುವೆ ಸೀಸನ್ನು, ಅಂಗಡಿಯಲ್ಲಿ ಗದ್ದಲ ಜಾಸ್ತಿ. ಕಣ್ತಪ್ಪಿರಬಹುದು. ಈ ವಾರ ಹಾಕಿಸಿದರೆ ಉಪಕಾರ ಆಗುತ್ತದೆ. ಈಗಾಗಲೇ ಹಾಕಿದ್ದರೆ ಸ್ಕ್ರೀನ್‌ಶಾಟ್ ಕಳಿಸಿಬಿಡಿ, ಬ್ಯಾಂಕಿನಲ್ಲಿ ನಾನೇ ನೋಡಿಕೊಳ್ಳುತ್ತೇನೆ.
ಸುಮಿತ್ರಾ, ಧಾರವಾಡ

*ಅಂಗಡಿಯ ಲೆಕ್ಕ ನೋಡುವವರಿಗೆ ಹಿಂದಿ ವಾಯ್ಸ್ ಮೆಸೇಜ್:*
ನಮಸ್ತೇ ಭೈಯಾ, ಧಾರವಾಡ ಸೇ ಸುಮಿತ್ರಾ ಬೋಲ್ ರಹೀ ಹೂಂ. ಬಿಲ್ ನಂಬರ್ 27 ಕೇ 61,000 ರುಪಯೇ ಬಾಕೀ ಹೈಂ. 12 ಫರ್ವರೀ ತಕ್ ಆನೇ ಥೇ. ಕಾಮ್ ಕೀ ಭೀಡ್ ಮೇಂ ರಹ್ ಗಯಾ ಹೋಗಾ. ಇಸ್ ಹಫ್ತೇ ಭೇಜ್ ದೀಜಿಯೇ. ದೀದೀ ಕೋ ಮೇರಾ ನಮಸ್ಕಾರ್ ಕಹಿಯೇಗಾ.

ಎರಡನೆಯದು: 2 ಮಾರ್ಚ್ 2026, ವಾಟ್ಸಾಪ್

ಅಕ್ಕಾರೆ, 16ನೇ ತಾರೀಕಿನ ಮೆಸೇಜ್ ನೀವು ನೋಡಿದ್ದೀರಿ, ಉತ್ತರ ಮಾತ್ರ ಬಂದಿಲ್ಲ. 20ಕ್ಕೆ ಮತ್ತು 25ಕ್ಕೆ ಫೋನ್ ಮಾಡಿದ್ದೆ, ಯಾರೂ ಎತ್ತಲಿಲ್ಲ. ಅದಕ್ಕೆ ಈಗ ಬಿಡಿಸಿ ಹೇಳುತ್ತೇನೆ.

ಈ ದುಡ್ಡು ನನ್ನೊಬ್ಬಳದಲ್ಲ. ಆರು ಜನ ಹಾಕಿದ ಕಸೂತಿ ಇದು. ಬಟ್ಟೆ ಮೇಲೆ ಅಚ್ಚು ಒತ್ತುವುದಿಲ್ಲ, ಗೆರೆ ಎಳೆಯುವುದಿಲ್ಲ. ಎಳೆ ಎಣಿಸಿ ಎಣಿಸಿ ಸೂಜಿ ಹಾಕಬೇಕು. ಒಂದೆಳೆ ತಪ್ಪಿದರೆ ತೇರಿನ ಕಳಸ ಸೊಟ್ಟ ಆಗುತ್ತದೆ, ಅಲ್ಲಿಯತನಕ ಹಾಕಿದ್ದನ್ನೆಲ್ಲ ಬಿಚ್ಚಬೇಕು. ಗವಂತಿ ಹೊಲಿಗೆಯಲ್ಲಿ ಗಂಟು ಹಾಕುವ ಹಾಗಿಲ್ಲ. ಒಳಗೂ ಹೊರಗೂ ಒಂದೇ ಥರ ಕಾಣಬೇಕು. ನಿಮ್ಮ ತೇರಿನ ಸೀರೆಯ ಸೆರಗಿಗೇ ಇಬ್ಬರು ಆರು ದಿನ ಕೂತಿದ್ದಾರೆ. ಅವರಲ್ಲಿ ಒಬ್ಬಾಕೆ ದಿನಾ ಬಾಗಿಲಿಗೆ ಬಂದು ಏನೂ ಕೇಳದೆ ನಿಲ್ಲುತ್ತಾಳೆ. ಮಗಳ ಕಾಲೇಜಿನ ಫೀಸು ಕಟ್ಟಬೇಕು ಆಕೆಗೆ. ನೂಲಿನ ಅಂಗಡಿಯವರ ಬಾಕಿಯೂ ನನ್ನ ತಲೆ ಮೇಲಿದೆ.

ಕೈ ಬಿಗಿ ಇದ್ದರೆ ಹಾಗಂತ ಹೇಳಿ. ಮಾರ್ಚ್ 9ರೊಳಗೆ 31,000 ಹಾಕಿ, ಉಳಿದ 30,000 ಮಾರ್ಚ್ 19ರ ಯುಗಾದಿಯೊಳಗೆ ಹಾಕಿ. ನಾನು ಒಪ್ಪುತ್ತೇನೆ. ಆದರೆ ಸುಮ್ನೆ ಕೂತರೆ ನಾನು ಇಲ್ಲಿ ಇವರಿಗೆ ಏನಂತ ಹೇಳಲಿ? ನೀವು ಕೇಳಿದ್ದ ಹೊಸ 8 ಸೀರೆಗಳಿಗೆ ಈ ಬಾಕಿ ಚುಕ್ತಾ ಆಗುವತನಕ ಸೂಜಿ ಹಾಕುವುದಿಲ್ಲ.
ಸುಮಿತ್ರಾ

*ಹಿಂದಿ ವಾಯ್ಸ್ ಮೆಸೇಜ್:*
ಭೈಯಾ, ಪಿಛಲೇ ಮೆಸೇಜ್ ಕಾ ಜವಾಬ್ ನಹೀಂ ಆಯಾ. ಛಹ್ ಔರತೋಂ ಕೀ ಮಜದೂರೀ ರುಕೀ ಹುಈ ಹೈ. 9 ಮಾರ್ಚ್ ತಕ್ 31,000 ಔರ್ 19 ಮಾರ್ಚ್ ತಕ್ 30,000 ಭೇಜಿಯೇ. ದಿಕ್ಕತ್ ಹೋ ತೋ ಸಾಫ್ ಬತಾಇಯೇ. ನಯಾ ಆರ್ಡರ್ ಅಭೀ ರುಕಾ ಹೈ.

ಕೊನೆಯದು: 23 ಮಾರ್ಚ್ 2026, ಸ್ಪೀಡ್ ಪೋಸ್ಟ್ ಮತ್ತು ವಾಟ್ಸಾಪ್

ವಿಷಯ: ಬಿಲ್ ನಂಬರ್ 27, ಬಾಕಿ 61,000 ರೂಪಾಯಿ, ಕೊನೆಯ ನೆನಪೋಲೆ

ಮಾನ್ಯರೇ,

ಫೆಬ್ರವರಿ 16 ಮತ್ತು ಮಾರ್ಚ್ 2ರಂದು ಬರೆದೆ. ಎರಡಕ್ಕೂ ಉತ್ತರ ಇಲ್ಲ, ಹಣವೂ ಇಲ್ಲ. ಸೀರೆ ಮುಟ್ಟಿದ 15 ದಿನದೊಳಗೆ ನಿಮ್ಮಿಂದ ಯಾವ ತಕರಾರೂ ಬರವಣಿಗೆಯಲ್ಲಿ ಬಂದಿಲ್ಲ.

ನಾನು ಸೀರೆ ಕಳಿಸುವ ಮೊದಲೇ ಕಿರು ಉದ್ಯಮವಾಗಿ ಉದ್ಯಮ್ ನೋಂದಣಿ ಮಾಡಿಸಿದ್ದೇನೆ. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಒಪ್ಪಿದ ದಿನದೊಳಗೆ ಹಣ ಕೊಡಬೇಕು, ಆ ಅವಧಿಯೂ 45 ದಿನ ಮೀರುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ.

ಏಪ್ರಿಲ್ 6ರ ಸಂಜೆ 5ರೊಳಗೆ 61,000 ಪೂರ್ತಿ ಬಂದರೆ ಬಡ್ಡಿ ಕೇಳುವುದಿಲ್ಲ. ಬಾರದಿದ್ದರೆ ಏಪ್ರಿಲ್ 7ಕ್ಕೆ ಕರ್ನಾಟಕದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಬಡ್ಡಿ ಸಮೇತ ಅರ್ಜಿ ಹಾಕುತ್ತೇನೆ. ಮಾಲು ಕಳಿಸಿದವರ ಊರು ಎಲ್ಲಿದೆಯೋ ಅಲ್ಲಿನ ಕೌನ್ಸಿಲ್ ಇದನ್ನು ವಿಚಾರಿಸಬಹುದು.

ಬಿಲ್, ಕೊರಿಯರ್ ರಸೀದಿ, ನೀವು ಸೀರೆ ಮುಟ್ಟಿತು ಅಂತ ಬರೆದ ಮೆಸೇಜಿನ ಪ್ರತಿ, ಉದ್ಯಮ್ ಪ್ರಮಾಣಪತ್ರದ ಪ್ರತಿ ಜೊತೆಗಿಟ್ಟಿದ್ದೇನೆ.

ಇಂತಿ,
ಸುಮಿತ್ರಾ, ಧಾರವಾಡ

*ಹಿಂದಿ ವಾಯ್ಸ್ ಮೆಸೇಜ್:*
ಯಹ್ ಆಖಿರೀ ಸೂಚನಾ ಹೈ. 6 ಅಪ್ರೈಲ್ ಶಾಮ್ 5 ಬಜೇ ತಕ್ 61,000 ರುಪಯೇ ಜಮಾ ಕೀಜಿಯೇ. ನಹೀಂ ತೋ 7 ಅಪ್ರೈಲ್ ಕೋ ಬ್ಯಾಜ್ ಕೇ ಸಾಥ್ ಕೌನ್ಸಿಲ್ ಮೇಂ ಅರ್ಜೀ ದೂಂಗೀ. ಚಿಟ್ಠೀ ಔರ್ ಕಾಗಜ್ ಸ್ಪೀಡ್ ಪೋಸ್ಟ್ ಸೇ ಭೇಜ್ ದಿಯೇ ಹೈಂ.